ಬ್ಯಾಗು ಹಿಂದೆ ಉಳಿದದ್ದು ಫೋನಿಗೆ ಹೇಗೆ ಗೊತ್ತಾಗುತ್ತದೆ?

ಕೀ ಗೊಂಚಲಿಗೋ ಬ್ಯಾಗಿಗೋ ಸಿಕ್ಕಿಸುವ ಬ್ಲೂಟೂತ್ ಟ್ಯಾಗ್‌ಗಳನ್ನು ಮಾರುವವರು ಸಾಮಾನ್ಯವಾಗಿ ಹೇಳುವುದು ಒಂದೇ ಮಾತು: ಕಳೆದದ್ದನ್ನು ಇದು ಹುಡುಕಿಕೊಡುತ್ತದೆ. ಮಾತು ಸುಳ್ಳಲ್ಲ. ಆದರೆ ಅದರೊಳಗೆ ಎರಡು ಬೇರೆ ಕೆಲಸಗಳು ಸೇರಿಕೊಂಡಿವೆ. ವಸ್ತು ಎಲ್ಲಿದೆ ಎಂದು ನಾವು ಕೇಳಿದಾಗ ಹೇಳುವುದು ಒಂದು ಕೆಲಸ. ನಮಗೆ ನೆನಪೇ ಇಲ್ಲದಿರುವಾಗ ತಾನಾಗಿ ಫೋನ್ ನಡುಗಿಸಿ ‘ಬ್ಯಾಗು ಅಲ್ಲೇ ಉಳಿಯಿತು’ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಊರಿನ ಜನರ ಫೋನುಗಳೆಲ್ಲ ಬೇಕು. ಎರಡನೆಯದಕ್ಕೆ ನಮ್ಮ ಕಿಸೆಯಲ್ಲಿರುವ ಒಂದು ಫೋನ್ ಸಾಕು. ದಿನನಿತ್ಯದ ಮರೆವಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಈ ಎರಡನೆಯದೇ. ಟ್ಯಾಗ್ ಕೊಂಡವರಲ್ಲಿ ಎಷ್ಟೋ ಮಂದಿ ಇದನ್ನು ಸರಿಯಾಗಿ ಹೊಂದಿಸಿಕೊಂಡಿರುವುದಿಲ್ಲ. ಅದು ಯಾವಾಗ ಎಚ್ಚರಿಸುತ್ತದೆ, ಯಾವಾಗ ಸುಮ್ಮನಿರುತ್ತದೆ ಎಂದು ತಿಳಿದವರು ಇನ್ನೂ ಕಡಿಮೆ.

ಈ ಸೌಲಭ್ಯ ಟ್ಯಾಗ್‌ಗಳ ಜೊತೆಗೇ ಹುಟ್ಟಿದ್ದೂ ಅಲ್ಲ. ಈ ವ್ಯಾಪಾರದ ಹಳಬರಾದ ಟೈಲ್ ಕಂಪನಿಯವರು ಮರೆವಿನ ಎಚ್ಚರಿಕೆಯನ್ನು ಚಂದಾ ಕಟ್ಟಿದವರಿಗಷ್ಟೇ ಕೊಡುತ್ತಿದ್ದರು. ಸ್ಯಾಮ್‌ಸಂಗ್ 2021ರ ಜನವರಿಯಲ್ಲಿ ಸ್ಮಾರ್ಟ್‌ಟ್ಯಾಗ್ ತಂದಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಆ್ಯಪಲ್ ಕಂಪನಿಯ ಏರ್‌ಟ್ಯಾಗ್ ಬಂತು. ಬಂದಾಗ ನಮ್ಮಲ್ಲಿ ಒಂದಕ್ಕೆ 3,190 ರೂಪಾಯಿ ಇತ್ತು. ಆಗ ಅದಕ್ಕೂ ಈ ಎಚ್ಚರಿಕೆ ಕೊಡಲು ಬರುತ್ತಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ಐಓಎಸ್ 15 ಬಂದಾಗ ಅದು ಸೇರಿಕೊಂಡಿತು. ಟ್ಯಾಗ್ ಮೊದಲಿನದೇ, ಬದಲಾದದ್ದು ಫೋನಿನೊಳಗಿನ ತಂತ್ರಾಂಶ. ಎಚ್ಚರಿಕೆಯ ಗುಟ್ಟು ಟ್ಯಾಗಿನಲ್ಲಿಲ್ಲ, ಫೋನಿನಲ್ಲಿದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಟ್ಯಾಗ್ ಮಾಡುವುದು ಬಹಳ ಸಣ್ಣ ಕೆಲಸ. ನಾಣ್ಯದಂಥ ಬ್ಯಾಟರಿಯ ಬಲದಲ್ಲಿ ಅದು ಆಗಾಗ ಒಂದು ಕ್ಷೀಣ ರೇಡಿಯೋ ಸಂಕೇತ ಬಿಡುತ್ತಿರುತ್ತದೆ, ಅಷ್ಟೇ. ತಾನು ಎಲ್ಲಿದ್ದೇನೆ ಎಂದು ಅದಕ್ಕೆ ಗೊತ್ತಿಲ್ಲ. ಅದರೊಳಗೆ ಜಿಪಿಎಸ್ಸೂ ಇಲ್ಲ, ಸಿಮ್ಮೂ ಇಲ್ಲ. ಹತ್ತಿರದಲ್ಲಿರುವ ನಮ್ಮ ಫೋನ್ ಆ ಸಂಕೇತವನ್ನು ಕೇಳಿಸಿಕೊಂಡು, ಎಲ್ಲಿ, ಎಷ್ಟು ಹೊತ್ತಿಗೆ ಕೇಳಿಸಿತು ಎಂದು ನೆನಪಿಟ್ಟುಕೊಳ್ಳುತ್ತದೆ. ಏರ್‌ಟ್ಯಾಗಿನ ಲೆಕ್ಕದಲ್ಲಿ ಎಚ್ಚರಿಕೆ ಹೊರಡಬೇಕಾದರೆ ಮೂರು ಸಂಗತಿ ಕೂಡಿ ಬರಬೇಕು. ಸಂಕೇತ ಸ್ವಲ್ಪ ಹೊತ್ತು ಕೇಳಿಸದೆ ಹೋಗಬೇಕು. ಕೊನೆಯದಾಗಿ ಕೇಳಿಸಿದ ಜಾಗದಿಂದ ಫೋನ್ ದೂರ ಸರಿದಿರಬೇಕು. ಆ ಜಾಗ ನಾವು ‘ಇಲ್ಲಿ ಬೇಡ’ ಎಂದು ಹೇಳಿಟ್ಟ ಜಾಗ ಆಗಿರಬಾರದು. ‘ಸ್ವಲ್ಪ ಹೊತ್ತು’ ಎಂದರೆ ಎಷ್ಟು ನಿಮಿಷ, ‘ದೂರ’ ಎಂದರೆ ಎಷ್ಟು ಮೀಟರ್ ಎಂದು ಕಂಪನಿ ಅಂಕಿ ಕೊಟ್ಟು ಹೇಳುವುದಿಲ್ಲ. ಬಳಸಿದವರ ಅನುಭವದಲ್ಲಿ ಕೆಲವು ನಿಮಿಷ, ಕೆಲವು ನೂರು ಮೀಟರ್ ಆಗುವುದು ಸಾಮಾನ್ಯ.

ದರ್ಶಿನಿಯಲ್ಲಿ ದೋಸೆ ತಿಂದು, ಕುರ್ಚಿಯ ಬೆನ್ನಿಗೆ ಹಾಕಿದ ಬ್ಯಾಗು ಮರೆತು ಎದ್ದರೆ ಬಾಗಿಲು ದಾಟುವಾಗಲೇ ಫೋನ್ ಕೂಗುತ್ತದೆ ಎಂದು ಯಾರೂ ಭಾವಿಸಬಾರದು ಎನ್ನುವುದು ಇದಕ್ಕೇ. ಬಾಗಿಲಲ್ಲಿ ಇನ್ನೂ ಸಂಕೇತ ಕೇಳಿಸುತ್ತಿರುತ್ತದೆ. ಗಾಡಿ ತೆಗೆದು ಎರಡು ತಿರುವು ದಾಟಿ ಸಿಗ್ನಲ್‌ನಲ್ಲಿ ನಿಂತಾಗ ಕಿಸೆ ನಡುಗಬಹುದು. ತಡ ಎನಿಸಿದರೂ ಇದನ್ನು ದೋಷ ಎನ್ನಲಾರೆ. ಸಂಕೇತ ತಪ್ಪಿದ ಕ್ಷಣವೇ ಕೂಗುವ ಫೋನನ್ನು ಒಂದು ವಾರ ಬಳಸಿದವರು ಆ ಎಚ್ಚರಿಕೆಯನ್ನೇ ಆರಿಸಿಬಿಡುತ್ತಾರೆ.

ಐಫೋನಿನಲ್ಲಿ ಇದನ್ನು ಹಾಕುವುದು ಕಷ್ಟವಲ್ಲ. Find My ಆ್ಯಪ್ ತೆರೆದು, ಕೆಳಗಿನ Items ಒತ್ತಿ, ಬೇಕಾದ ಟ್ಯಾಗ್ ಆರಿಸಿದರೆ Notify When Left Behind ಎಂಬ ಸಾಲು ಕಾಣುತ್ತದೆ. ಅದರೊಳಗೆ ಸ್ವಿಚ್ ಹಾಕಬೇಕು. ಇದಿಷ್ಟನ್ನು ಮಾಡಿ ಬಿಡುವವರೇ ಹೆಚ್ಚು. ಆದರೆ ಎಚ್ಚರಿಕೆಯ ಗುಣ ನಿರ್ಧಾರವಾಗುವುದು ಸ್ವಿಚ್ಚಿನ ಕೆಳಗಿರುವ Notify Me, Except At ಎಂಬ ಪಟ್ಟಿಯಲ್ಲಿ. ಇಲ್ಲಿ ಫೋನ್ ತಾನೇ ಸೂಚಿಸಿದ ಜಾಗಗಳನ್ನು ಒಪ್ಪಬಹುದು, ಇಲ್ಲವೆ New Location ಒತ್ತಿ ನಕ್ಷೆಯಲ್ಲಿ ಹೊಸದನ್ನು ಗುರುತಿಸಬಹುದು. ಪಟ್ಟಿಯಲ್ಲಿರುವ ಜಾಗದಲ್ಲಿ ವಸ್ತು ಬಿಟ್ಟು ಹೊರಟರೆ ಫೋನ್ ಸುಮ್ಮನಿರುತ್ತದೆ.

ಅನೇಕರ ಪಟ್ಟಿಯಲ್ಲಿ ಮನೆ ಸೇರಿರುತ್ತದೆ. ಸೇರಿಸಿದ್ದು ಸರಿಯೋ ತಪ್ಪೋ ಎನ್ನುವುದು ವಸ್ತುವಿನ ಮೇಲೆ ನಿಂತಿದೆ. ಪ್ರವಾಸಕ್ಕೆ ಮಾತ್ರ ಒಯ್ಯುವ ಬ್ಯಾಗು ಮನೆಯಲ್ಲೇ ಉಳಿಯುವುದು ಸಹಜ, ಅದಕ್ಕೆ ಮನೆ ಪಟ್ಟಿಯಲ್ಲೇ ಇರಬೇಕು. ಆಫೀಸಿನ ಡ್ರಾಯರ್ ಕೀಗಳನ್ನು ಬೆಳಿಗ್ಗೆ ಮನೆಯ ಮೊಳೆಗೇ ನೇತುಹಾಕಿ ಹೋಗುವವರಿದ್ದಾರೆ. ಅವರಿಗೆ ಎಚ್ಚರಿಕೆ ಬೇಕಾದ ಏಕೈಕ ಜಾಗ ಮನೆ. ಅವರು ಮನೆಯನ್ನು ಪಟ್ಟಿಯಿಂದ ತೆಗೆದು, ಬದಲಿಗೆ ಆಫೀಸನ್ನು ಹಾಕಬೇಕು. ಪ್ರತಿ ಟ್ಯಾಗ್‌ಗೂ ಬೇರೆ ಬೇರೆ ಪಟ್ಟಿ ಇರುತ್ತದೆ, ಆದ್ದರಿಂದ ಕೀಗೂ ಬ್ಯಾಗಿಗೂ ಒಂದೇ ನಿಯಮ ಹಾಕುವ ಅಗತ್ಯ ಇಲ್ಲ. ಭಾನುವಾರ ಹಾಲು ತರಲು ಹೊರಟಾಗಲೂ ‘ಕೀ ಬಿಟ್ಟಿರಿ’ ಎಂದು ಬರುತ್ತದಲ್ಲ ಎಂದರೆ, ಬರುತ್ತದೆ. ಆ ಕಿರಿಕಿರಿಗೂ ಸೋಮವಾರದ ಉಪಯೋಗಕ್ಕೂ ನಡುವೆ ಅವರವರೇ ಲೆಕ್ಕ ಹಾಕಿಕೊಳ್ಳಬೇಕು.

ಇನ್ನೊಂದು ಸೂಕ್ಷ್ಮ ಇದೆ. ನಕ್ಷೆಯ ಮೇಲೆ ‘ಮನೆ’ ಎಂದರೆ ನಮ್ಮ ಬಾಗಿಲಲ್ಲ, ಅದರ ಸುತ್ತಲಿನ ಒಂದಷ್ಟು ನೆಲ. ಫೋನಿಗೆ ಮಹಡಿಗಳ ವ್ಯತ್ಯಾಸವೂ ತಿಳಿಯದು. ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟಿನ ಕೆಳಗಿನ ಪಾರ್ಕಿನ ಬೆಂಚಿನ ಮೇಲೆ ಕೀ ಬಿಟ್ಟು ಹೊರಗೆ ಹೋದರೆ, ಫೋನಿನ ಪಾಲಿಗೆ ಕೀ ಮನೆಯಲ್ಲೇ ಇದೆ. ಕೆಳಗೆ ಅಂಗಡಿ, ಮೇಲೆ ಮನೆ ಇರುವ ಕಟ್ಟಡಗಳಲ್ಲಿಯೂ ಇದೇ ಕಥೆ. ಇಂಥ ಕಡೆ ಇರುವವರು ಮನೆಯನ್ನು ಪಟ್ಟಿಗೆ ಸೇರಿಸುವಾಗ ಈ ಕುರುಡು ಜಾಗವನ್ನೂ ಸೇರಿಸಿಕೊಂಡ ಹಾಗೆ.

ಎಲ್ಲ ಹೊಂದಿಸಿದ ಮೇಲೂ ಎಚ್ಚರಿಕೆ ಬರದಿದ್ದರೆ ನೋಡಬೇಕಾದದ್ದು ಅನುಮತಿಗಳು. ಫೋನಿನ Settings ಒಳಗೆ Privacy & Security, ಅದರೊಳಗೆ Location Services; ಅಲ್ಲಿ Find My ಗೆ ಜಾಗ ತಿಳಿಯುವ ಅನುಮತಿ ಇರಬೇಕು, Precise Location ಕೂಡ ಆನ್ ಆಗಿರಬೇಕು. Notifications ಪಟ್ಟಿಯಲ್ಲಿ Find My ಬಂದ್ ಆಗಿದ್ದರೆ ಫೋನಿಗೆ ಎಲ್ಲ ಗೊತ್ತಿದ್ದೂ ನಿಮಗೆ ಹೇಳುವುದಿಲ್ಲ. ಬ್ಲೂಟೂತ್ ಆರಿಸಿಟ್ಟರಂತೂ ಕಥೆ ಮುಗಿಯಿತು. ಪರೀಕ್ಷಿಸಿ ನೋಡುವುದಾದರೆ ಮನೆಯ ಅಂಗಳದಲ್ಲಿ ಬ್ಯಾಗಿಟ್ಟು ಬೀದಿಯ ತುದಿಗೆ ಹೋಗಿ ನಿಂತರೆ ಏನೂ ತಿಳಿಯುವುದಿಲ್ಲ. ಪಟ್ಟಿಯಲ್ಲಿಲ್ಲದ ಜಾಗ ಬೇಕು. ಪರಿಚಯದ ಅಂಗಡಿಯಲ್ಲೋ ನೆಂಟರ ಮನೆಯಲ್ಲೋ ಬ್ಯಾಗು ಇಟ್ಟು, ಕನಿಷ್ಠ ಅರ್ಧ ಕಿಲೋಮೀಟರ್ ನಡೆದು ಹೋಗಿ, ಎಚ್ಚರಿಕೆ ಎಲ್ಲಿ ಬಂತು ಎಂದು ನೋಡಿಕೊಂಡರೆ ನಿಮ್ಮ ಫೋನ್ ಎಷ್ಟು ನಿಧಾನ ಎಂದು ಅಂದಾಜು ಸಿಗುತ್ತದೆ.

ಆಂಡ್ರಾಯ್ಡ್ ಫೋನಿನವರ ದಾರಿ ಬೇರೆ. ಗೂಗಲ್ ತನ್ನ ಹುಡುಕುವ ಜಾಲವನ್ನು 2024ರ ಏಪ್ರಿಲ್‌ನಲ್ಲಿ ಆರಂಭಿಸಿತು, 2025ರಲ್ಲಿ ಅದಕ್ಕೆ ಫೈಂಡ್ ಹಬ್ ಎಂದು ಹೆಸರು ಬದಲಿಸಿತು. ಆರಂಭದಲ್ಲಿ ಅದರಲ್ಲಿ ಹುಡುಕಾಟ ಇತ್ತು, ಮರೆವಿನ ಎಚ್ಚರಿಕೆ ಇರಲಿಲ್ಲ. ಎಚ್ಚರಿಕೆ ಬೇಕಾದವರು ಟ್ಯಾಗ್ ತಯಾರಿಸಿದ ಕಂಪನಿಯ ಆ್ಯಪನ್ನು ನೆಚ್ಚಬೇಕಾಯಿತು. ಜಿಯೋ 2023ರಲ್ಲಿ ತಂದ ಮೊದಲ ಜಿಯೋಟ್ಯಾಗ್ ತನ್ನದೇ ಆ್ಯಪ್ ಮೂಲಕ ಸಂಪರ್ಕ ಕಡಿದಾಗ ತಿಳಿಸುತ್ತದೆ. ಚಿಪೋಲೋ ಕಂಪನಿಯ ಪಾಪ್ ಟ್ಯಾಗಿನಲ್ಲೂ ಇಂಥ ಏರ್ಪಾಡು ಇದೆ. ಕೊಳ್ಳುವ ಮುನ್ನ ಡಬ್ಬಿಯ ಮೇಲೆ ‘ಫೈಂಡ್ ಹಬ್ ಜೊತೆ ಕೆಲಸ ಮಾಡುತ್ತದೆ’ ಎಂದಿರುವುದನ್ನು ಓದಿ ಸಮಾಧಾನಪಟ್ಟುಕೊಳ್ಳಬಾರದು. ಮರೆತು ಹೊರಟರೆ ತಿಳಿಸುತ್ತದೆಯೇ ಎಂದು ಅಂಗಡಿಯವನನ್ನು ಪ್ರತ್ಯೇಕವಾಗಿ ಕೇಳಬೇಕು.

ಈ ಆ್ಯಪ್‌ಗಳ ತರ್ಕ ಸರಳ. ಫೋನಿಗೂ ಟ್ಯಾಗಿಗೂ ಬ್ಲೂಟೂತ್ ಸಂಪರ್ಕ ಹಿಡಿದಿಟ್ಟಿರುತ್ತವೆ, ಅದು ಕಡಿದರೆ ಕೂಗು. ಹೀಗಾಗಿ ಎಚ್ಚರಿಕೆ ಬೇಗ ಬರುತ್ತದೆ. ದರ್ಶಿನಿಯ ಪಾರ್ಕಿಂಗ್ ಜಾಗದಲ್ಲೇ ಬಂದರೂ ಆಶ್ಚರ್ಯವಿಲ್ಲ. ಬೆಲೆ ತೆರಬೇಕಾದದ್ದು ಸುಳ್ಳು ಕೂಗಿನಲ್ಲಿ. ಅಡುಗೆಮನೆಯಲ್ಲಿ ಬ್ಯಾಗು, ತಾರಸಿಯಲ್ಲಿ ಬಟ್ಟೆ ಒಣಹಾಕುವ ನಾವು, ನಡುವೆ ಕಾಂಕ್ರೀಟಿನ ಚಾವಣಿ. ಸಂಪರ್ಕ ಕಡಿಯಿತು, ಫೋನ್ ಕೂಗಿತು. ಆ್ಯಪಿನಲ್ಲಿ ಮನೆಯ ವೈಫೈ ಇರುವಾಗ ಸುಮ್ಮನಿರು ಎನ್ನುವಂಥ ಆಯ್ಕೆ ಇದ್ದರೆ ಅದನ್ನು ಹಾಕಿಕೊಳ್ಳಬೇಕು.

ಇದಕ್ಕಿಂತ ದೊಡ್ಡ ತೊಡಕು ಫೋನಿನ ಒಳಗಿದೆ. ಬ್ಯಾಟರಿ ಉಳಿಸುವ ಹುರುಪಿನಲ್ಲಿ ಅನೇಕ ಆಂಡ್ರಾಯ್ಡ್ ಫೋನುಗಳು ಪರದೆಯ ಹಿಂದೆ ಕೆಲಸ ಮಾಡುತ್ತಿರುವ ಆ್ಯಪ್‌ಗಳನ್ನು ಸದ್ದಿಲ್ಲದೆ ನಿಲ್ಲಿಸಿಬಿಡುತ್ತವೆ. ನಿಂತ ಆ್ಯಪ್ ಸಂಪರ್ಕ ಕಡಿದದ್ದನ್ನು ನೋಡುವುದೂ ಇಲ್ಲ, ಹೇಳುವುದೂ ಇಲ್ಲ. ಹೊಸ ಟ್ಯಾಗ್ ಮೊದಲ ದಿನ ಚೆನ್ನಾಗಿ ಕೂಗಿ ಮೂರನೆಯ ದಿನದಿಂದ ಮೂಕಾದರೆ ಟ್ಯಾಗನ್ನು ಬೈಯುವ ಮೊದಲು ಇದನ್ನು ನೋಡಬೇಕು. ಆ್ಯಪಿನ ಹೆಸರನ್ನು ಒತ್ತಿ ಹಿಡಿದು ಅದರ ವಿವರ ತೆರೆದರೆ Battery ಎಂಬಲ್ಲಿ Unrestricted ಎಂದು ಬದಲಿಸಬಹುದು. ಕೆಲವು ಫೋನುಗಳಲ್ಲಿ Autostart ಎಂಬ ಸ್ವಿಚ್ ಬೇರೆಯೇ ಇರುತ್ತದೆ. ಜಾಗದ ಅನುಮತಿಯನ್ನು Allow all the time ಎಂದು ಕೊಡಬೇಕು, Nearby devices ಅನುಮತಿಯೂ ಬೇಕು. ಆಮೇಲೆ ಪರೀಕ್ಷೆಯನ್ನು ಆ್ಯಪ್ ತೆರೆದಿಟ್ಟುಕೊಂಡು ಮಾಡಬಾರದು. ಫೋನನ್ನು ಒಂದೆರಡು ಗಂಟೆ ಮುಟ್ಟದೆ ಬಿಟ್ಟು, ಕಿಸೆಯಲ್ಲಿ ಮಲಗಿರುವಾಗಲೇ ಮಾಡಬೇಕು.

ಕಟ್ಟುವ ವಿಷಯ ಚಿಕ್ಕದು, ಆದರೆ ಹೇಳಲೇಬೇಕು. ಏರ್‌ಟ್ಯಾಗ್‌ಗೆ ಕಿವಿಯೇ ಇಲ್ಲ, ಕೀ ಗೊಂಚಲಿಗೆ ಹಾಕಲು ಬೇರೆ ಹೋಲ್ಡರ್ ಕೊಳ್ಳಬೇಕು. ಸ್ಯಾಮ್‌ಸಂಗಿನ ಸ್ಮಾರ್ಟ್‌ಟ್ಯಾಗ್2ಕ್ಕೆ ತೂತಿದೆ. ಅಗ್ಗದ ಹೋಲ್ಡರ್‌ನ ಗುಂಡಿ ಕಳಚಿ, ಟ್ಯಾಗ್ ಮಾತ್ರ ಬ್ಯಾಗಿನ ತಳದಲ್ಲಿ ಬಿದ್ದು ಕೀಗಳು ಹೋಟೆಲಿನಲ್ಲಿ ಉಳಿದರೆ ಫೋನಿನ ಪಾಲಿಗೆ ಎಲ್ಲ ಕ್ಷೇಮ. ಬ್ಯಾಗಿನಲ್ಲಿ ಇಡುವಾಗ ಲೋಹದಿಂದ ದೂರ ಇರಲಿ. ಸ್ಟೀಲಿನ ಊಟದ ಡಬ್ಬಿ, ಲ್ಯಾಪ್‌ಟಾಪಿನ ಅಲ್ಯೂಮಿನಿಯಂ ಮೈ ಇವುಗಳ ನಡುವೆ ಒತ್ತಿಕೊಂಡ ಟ್ಯಾಗಿನ ಸಂಕೇತ ಹತ್ತಡಿ ದೂರಕ್ಕೂ ಬಡಕಲಾಗುತ್ತದೆ. ನೀರಿನ ಬಾಟಲೂ ಆ ಅಲೆಗಳನ್ನು ಹೀರುತ್ತದೆ. ಒಳಗಿನ ಸಣ್ಣ ಜಿಪ್ ಜೇಬು, ಅದೂ ಹೊರಗಿನ ಬಟ್ಟೆಗೆ ಹತ್ತಿರವಾದದ್ದು, ಒಳ್ಳೆಯ ಜಾಗ. ಇನ್ನೊಂದು ಮಾತು ಹೇಳದೆಯೇ ತಿಳಿಯಬೇಕು, ಆದರೂ ಹೇಳುತ್ತೇನೆ: ಫೋನನ್ನೇ ಬ್ಯಾಗಿನಲ್ಲಿಡುವ ಅಭ್ಯಾಸ ಇದ್ದವರಿಗೆ ಈ ಎಚ್ಚರಿಕೆ ಯಾವತ್ತೂ ಬರುವುದಿಲ್ಲ. ಎರಡೂ ಜೊತೆಗೇ ಉಳಿಯುತ್ತವೆ.

ಈಗ ಇದೆಲ್ಲ ಒಂದು ಸಂದರ್ಭದಲ್ಲಿ ಹೇಗೆ ನಡೆಯುತ್ತದೆ ನೋಡೋಣ. ತುಮಕೂರಿನ ಕಾಲೇಜಿನಲ್ಲಿ ಪಾಠ ಹೇಳಿ ಸಂಜೆಯ ರೈಲಿನಲ್ಲಿ ಬೆಂಗಳೂರಿಗೆ ಮರಳುವ ಉಪನ್ಯಾಸಕಿಯೊಬ್ಬರು ಇದ್ದಾರೆ ಎಂದುಕೊಳ್ಳಿ. ಮನೆ ರಾಜಾಜಿನಗರ. ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಏರ್‌ಟ್ಯಾಗ್, ಕೈಯಲ್ಲಿ ಐಫೋನ್. ರೈಲು ಮೆಜೆಸ್ಟಿಕ್‌ವರೆಗೆ ಹೋಗುತ್ತದೆ, ಇವರು ಯಶವಂತಪುರದಲ್ಲಿ ಇಳಿದು ಹಸಿರು ಮಾರ್ಗದ ಮೆಟ್ರೋ ಹಿಡಿಯುತ್ತಾರೆ. ಆ ಸಂಜೆ ಮಾತಿನ ಭರದಲ್ಲಿ ಬ್ಯಾಗು ಮೇಲಿನ ರ‍್ಯಾಕಿನಲ್ಲೇ ಉಳಿಯಿತು.

ರೈಲು ಹೊರಟು ಪ್ಲಾಟ್‌ಫಾರ್ಮ್ ಬಿಟ್ಟ ಕೂಡಲೇ ಸಂಕೇತ ನಿಂತಿತು. ಆದರೆ ಆಗ ಫೋನ್ ಕೂಗಲಿಲ್ಲ, ಏಕೆಂದರೆ ಉಪನ್ಯಾಸಕಿ ಇನ್ನೂ ನಿಲ್ದಾಣದಲ್ಲೇ ಇದ್ದಾರೆ. ಬ್ಯಾಗು ಹೋಯಿತೇ ಹೊರತು ಫೋನ್ ಸರಿಯಲಿಲ್ಲ. ವಸ್ತು ಒಂದೆಡೆ ನಿಂತು ನಾವು ಹೊರಡುವ ಮರೆವಿಗೆ ಕಟ್ಟಿದ ಏರ್ಪಾಡು ಇದು. ವಸ್ತುವೇ ಹೊರಟುಹೋಗುವ ಬಸ್ಸು, ಆಟೋ, ರೈಲುಗಳಲ್ಲಿ ಅದು ನಾವು ಚಲಿಸುವವರೆಗೆ ಕಾಯುತ್ತದೆ. ಬಸ್‌ಸ್ಟಾಪಿನಲ್ಲೇ ಇನ್ನೊಂದು ಬಸ್ಸಿಗೆ ಕಾಯುತ್ತ ಕೂತವರಿಗೆ ಈ ಕಾರಣದಿಂದ ತಡವಾಗುತ್ತದೆ.

ಮೆಟ್ರೋ ಹತ್ತಿ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ನಿಲ್ದಾಣ ದಾಟುವಾಗ ಫೋನ್ ನಡುಗುತ್ತದೆ. ತೆರೆದು ನೋಡಿದರೆ ನಕ್ಷೆಯಲ್ಲಿ ಬ್ಯಾಗು ಯಶವಂತಪುರದಲ್ಲಿದೆ. ಇಲ್ಲೇ ಜನ ಎಡವುವುದು. ನಕ್ಷೆಯ ಆ ಚುಕ್ಕಿ ಬ್ಯಾಗು ಈಗ ಇರುವ ಜಾಗವಲ್ಲ, ನಿಮ್ಮ ಫೋನ್ ಅದನ್ನು ಕೊನೆಯದಾಗಿ ಕೇಳಿಸಿಕೊಂಡ ಜಾಗ. ಚುಕ್ಕಿಯ ಕೆಳಗೆ ಎಷ್ಟು ನಿಮಿಷದ ಹಿಂದಿನದು ಎಂದೂ ಬರೆದಿರುತ್ತದೆ. ಮುಂದಿನ ನಿಲ್ದಾಣದಲ್ಲಿ ಇಳಿದು ಯಶವಂತಪುರಕ್ಕೆ ಮರಳಿದರೆ ಖಾಲಿ ಪ್ಲಾಟ್‌ಫಾರ್ಮ್ ಸಿಗುತ್ತದೆ. ಮಾಡಬೇಕಾದದ್ದು ರಾಜಾಜಿನಗರದಲ್ಲಿ ಇಳಿಯದೆ ಅದೇ ಮೆಟ್ರೋದಲ್ಲಿ ಮೆಜೆಸ್ಟಿಕ್‌ಗೆ ಹೋಗುವುದು. ಎಚ್ಚರಿಕೆ ಕೊಟ್ಟ ಲಾಭವೂ ಇದೇ. ಮನೆ ಸೇರಿ, ಕಾಫಿ ಕುಡಿದು, ಲ್ಯಾಪ್‌ಟಾಪ್ ಹುಡುಕುವ ಹೊತ್ತಿಗೆ ಆ ರೈಲಿನ ಬೋಗಿಗಳು ಯಾರ್ಡ್ ಸೇರಿರುತ್ತಿದ್ದವು.

ದಾರಿಯಲ್ಲೇ ರೈಲ್ವೆಯ 139 ಸಂಖ್ಯೆಗೆ ಕರೆ ಮಾಡಿ ರೈಲು, ಬೋಗಿ, ಸೀಟು, ಬ್ಯಾಗಿನ ಬಣ್ಣ ಹೇಳಬೇಕು. ಮರೆತ ಸಾಮಾನು ಹಿಂತಿರುಗಿಸಲು ರೈಲ್ವೆ ರಕ್ಷಣಾ ದಳದಲ್ಲಿ ‘ಆಪರೇಷನ್ ಅಮಾನತ್’ ಎಂಬ ಏರ್ಪಾಡೇ ಇದೆ. ಆ್ಯಪಿನಲ್ಲಿ ಟ್ಯಾಗನ್ನು ಕಳೆದಿದೆ ಎಂದು ಗುರುತು ಮಾಡಿ ಫೋನ್ ನಂಬರ್ ಹಾಕಿದರೆ, ಬ್ಯಾಗು ಸಿಕ್ಕವರು ಎನ್‌ಎಫ್‌ಸಿ ಇರುವ ಯಾವುದೇ ಫೋನನ್ನು ಟ್ಯಾಗಿಗೆ ತಾಗಿಸಿ ಆ ನಂಬರ್ ನೋಡಬಹುದು. ಅವರದು ಆಂಡ್ರಾಯ್ಡ್ ಆದರೂ ಪರವಾಗಿಲ್ಲ.

ಇಲ್ಲಿಂದ ಮುಂದೆ ಊರಿನ ಫೋನುಗಳ ಕೆಲಸ. ಬೋಗಿಯಲ್ಲಿ ಯಾರಾದರೊಬ್ಬರ ಬಳಿ ಐಫೋನ್ ಇದ್ದರೆ ಅದು ಟ್ಯಾಗಿನ ಸಂಕೇತ ಕೇಳಿ, ತಾನಿರುವ ಜಾಗವನ್ನು ಗೂಢಲಿಪಿಗೆ ತಿರುಗಿಸಿ ಕಳಿಸುತ್ತದೆ. ಒಡೆಯರ ಫೋನ್ ಬಿಟ್ಟರೆ ಅದನ್ನು ಬಿಡಿಸಿ ಓದಲು ಆ್ಯಪಲ್‌ಗೂ ಆಗುವುದಿಲ್ಲ. ಮೆಜೆಸ್ಟಿಕ್‌ನಲ್ಲಿ ಇದು ಬೇಗ ಆಗುತ್ತದೆ. ಅದೇ ಬ್ಯಾಗು ಚಳ್ಳಕೆರೆಯ ಕಡೆಗೆ ಹೋಗುವ ಬಸ್ಸಿನಲ್ಲಿ ಉಳಿದಿದ್ದರೆ ಚುಕ್ಕಿ ಗಂಟೆಗಟ್ಟಲೆ ಅಲುಗದೆ ಇರಬಹುದು, ಅಲ್ಲಿ ಐಫೋನುಗಳು ವಿರಳ. ಆಂಡ್ರಾಯ್ಡ್ ಎಲ್ಲರ ಕೈಯಲ್ಲೂ ಇದೆಯಲ್ಲ ಎಂದರೆ ಅದಕ್ಕೊಂದು ಬೇರೆ ಕಟ್ಟು. ಗೂಗಲ್‌ನ ಜಾಲ ಮೂಲ ಹೊಂದಿಕೆಯಲ್ಲಿ ಒಂದೇ ಫೋನಿನ ಮಾತನ್ನು ಒಪ್ಪುವುದಿಲ್ಲ. ಯಾರ ಗುಟ್ಟೂ ಬಯಲಾಗದಿರಲೆಂದು, ಜನ ಹೆಚ್ಚು ಓಡಾಡುವ ಕಡೆ ಹಲವು ಫೋನುಗಳು ಕಂಡ ಟ್ಯಾಗಿನ ಜಾಗವನ್ನಷ್ಟೇ ತೋರಿಸುತ್ತದೆ. ಎಲ್ಲ ಕಡೆಯಲ್ಲೂ ನೆರವಾಗುತ್ತೇನೆ ಎಂದು ಹೊಂದಿಕೆ ಬದಲಿಸಿಕೊಂಡವರು ಕಡಿಮೆ. ಜನವಿರಳ ರಸ್ತೆಯಲ್ಲಿ ಆ ಜಾಲವೂ ಮಂಕು. ಹಾಗಾಗಿ ಹಳ್ಳಿಯ ಕಡೆ ಓಡಾಡುವವರಿಗೆ ಹುಡುಕಾಟಕ್ಕಿಂತ ಮರೆವಿನ ಎಚ್ಚರಿಕೆಯೇ ಹೆಚ್ಚು ಭರವಸೆಯದ್ದು ಎಂದು ನನ್ನ ಎಣಿಕೆ. ಅದಕ್ಕೆ ಬೇರೆಯವರ ಹಂಗಿಲ್ಲ.

ಮನೆಮಂದಿ ಹಂಚಿಕೊಳ್ಳುವ ಕೀಗಳದ್ದು ಬೇರೆಯೇ ಫಜೀತಿ. ಸ್ಕೂಟರಿನ ಕೀಗೆ ಕಟ್ಟಿದ ಏರ್‌ಟ್ಯಾಗ್ ಹೆಂಡತಿಯ ಹೆಸರಿನಲ್ಲಿದೆ, ಗಂಡ ಸ್ಕೂಟರ್ ತೆಗೆದುಕೊಂಡು ಹೋದರು. ಅವರು ಕೀಯನ್ನು ಬ್ಯಾಂಕಿನ ಕೌಂಟರಿನಲ್ಲಿ ಬಿಟ್ಟರೆ ಮನೆಯಲ್ಲಿರುವ ಫೋನ್ ಯಾರಿಗೂ ಏನೂ ಹೇಳುವುದಿಲ್ಲ. ಅದಕ್ಕೆ ಬದಲು, ಒಡೆಯರಿಲ್ಲದ ಟ್ಯಾಗ್ ತನ್ನ ಜೊತೆ ಸುತ್ತುತ್ತಿದೆ ಎಂದು ಗಂಡನ ಫೋನ್ ‘ಅಪರಿಚಿತ ಟ್ಯಾಗ್ ನಿಮ್ಮನ್ನು ಹಿಂಬಾಲಿಸುತ್ತಿದೆ’ ಎಂಬರ್ಥದ ಸಂದೇಶ ತೋರಿಸಬಹುದು. ಕದ್ದು ಹಿಂಬಾಲಿಸುವವರನ್ನು ತಡೆಯಲು 2024ರ ಮೇ ತಿಂಗಳಿಂದ ಐಫೋನ್ ಮತ್ತು ಆಂಡ್ರಾಯ್ಡ್ ಎರಡೂ ಈ ಕಾವಲನ್ನು ಒಟ್ಟಾಗಿ ನಡೆಸುತ್ತಿವೆ. ಅದು ಇರಲೇಬೇಕಾದ ಕಾವಲು, ಆರಿಸಿಡಬಾರದು. ಇಬ್ಬರದೂ ಐಫೋನ್ ಆದರೆ ಐಓಎಸ್ 17ರಿಂದ ಒಂದು ಟ್ಯಾಗನ್ನು ಇನ್ನೂ ಐದು ಮಂದಿಯೊಂದಿಗೆ ಹಂಚಿಕೊಳ್ಳಬಹುದು, ಆಗ ಈ ಗಾಬರಿ ತಪ್ಪುತ್ತದೆ. ಒಬ್ಬರದು ಐಫೋನ್, ಇನ್ನೊಬ್ಬರದು ಆಂಡ್ರಾಯ್ಡ್ ಆದ ಮನೆಯಲ್ಲಿ ಒಂದೇ ಟ್ಯಾಗಿನಿಂದ ಇಬ್ಬರನ್ನೂ ಎಚ್ಚರಿಸುವ ಹಂಚಿಕೆ ಏರ್‌ಟ್ಯಾಗ್‌ನಲ್ಲಿ ಇಲ್ಲ. ಕೀಯನ್ನು ಹೆಚ್ಚಾಗಿ ಮರೆಯುವವರು ಯಾರೋ ಅವರ ಫೋನಿಗೆ ಹೊಂದುವ ಟ್ಯಾಗನ್ನೇ ಕಟ್ಟಿ, ಅದರಲ್ಲೇ ನೋಂದಾಯಿಸಬೇಕು. ಅದು ಯಾರೆಂದು ತೀರ್ಮಾನಿಸುವುದು ಆಯಾ ಮನೆಗೆ ಬಿಟ್ಟದ್ದು.

ಉಳಿದದ್ದು ಬ್ಯಾಟರಿ. ಏರ್‌ಟ್ಯಾಗ್‌ಗೂ ಇಂಥ ಅನೇಕ ಟ್ಯಾಗ್‌ಗಳಿಗೂ ಬೇಕಾದದ್ದು ಸಿಆರ್2032 ಸೆಲ್, ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಸುಮಾರು ಒಂದು ವರ್ಷ ಬರುತ್ತದೆ. ಮಕ್ಕಳು ನುಂಗದಿರಲೆಂದು ಕೆಲವು ಕಂಪನಿಗಳು ಸೆಲ್ಲಿಗೆ ಕಹಿ ಲೇಪ ಹಚ್ಚಿರುತ್ತವೆ. ಒಳ್ಳೆಯ ಉದ್ದೇಶ, ಆದರೆ ಆ ಲೇಪ ಏರ್‌ಟ್ಯಾಗಿನೊಳಗಿನ ಲೋಹದ ತುದಿಗಳಿಗೆ ಅಡ್ಡ ಬಂದರೆ ಹೊಸ ಸೆಲ್ ಹಾಕಿದರೂ ಟ್ಯಾಗ್ ಎಚ್ಚರಗೊಳ್ಳುವುದಿಲ್ಲ. ಸೆಲ್ಲನ್ನು ಸರಿಯಾಗಿ ಕೂರಿಸಿ ಮುಚ್ಚಳ ಒತ್ತಿದಾಗ ಒಂದು ಸಣ್ಣ ಸದ್ದು ಬರಬೇಕು. ಬರದಿದ್ದರೆ ಲೇಪವಿಲ್ಲದ ಸೆಲ್ ಕೇಳಿ ತರಬೇಕು. ತೆಗೆದ ಹಳೆಯ ಸೆಲ್ಲನ್ನು ಮೇಜಿನ ಮೇಲೆ ಬಿಡದೆ ಕೂಡಲೇ ಟೇಪು ಸುತ್ತಿ ಮಕ್ಕಳ ಕೈಗೆ ಸಿಗದ ಕಡೆ ಇಡಬೇಕು.